ಎರಡು ಸುತ್ತು, ಒಂದು ಹಾಳೆ

2025 ಆಗಸ್ಟ್ 2, ಶನಿವಾರ

ಅರ್ಧ ದಿನದ ಸ್ಕೂಲು. ಮಕ್ಕಳು ಹೋದ ಮೇಲೆ ಮೂರು ಗಂಟೆವರೆಗೂ ಒಂದೇ ಡ್ರಾಯಿಂಗ್ ಶೀಟಿನ ಮುಂದೆ ಕೂತಿದ್ದೆ. ಹತ್ತನೇ ತರಗತಿಯ ನೋಟಿಸ್ ಬೋರ್ಡಿಗೆ ಇಮ್ಮಡಿ ಪರಿಚಲನೆಯ ಚಾರ್ಟ್ ಬರೆಯಬೇಕಿತ್ತು. ನನ್ನ ನೋಟ್ಸ್ ನಾಲ್ಕು ಪುಟ. ಹೃದಯದ ಕೋಣೆಗಳು, ಕವಾಟಗಳು, ರಕ್ತದೊತ್ತಡ, ಪ್ಲೇಟ್‌ಲೆಟ್, ದುಗ್ಧರಸ, ಮೀನು-ಕಪ್ಪೆಗಳ ಹೃದಯ, ಎಲ್ಲವೂ ಅದರಲ್ಲಿವೆ. ಪಾಠ ಮಾಡೋಕೆ ಅದು ಸರಿ. ಬೋರ್ಡಿನ ಮುಂದೆ ಮಕ್ಕಳು ಒಂದು ನಿಮಿಷ ನಿಂತರೆ ಹೆಚ್ಚು, ಅಷ್ಟರಲ್ಲಿ ಏನು ಸಿಗಬೇಕು ಅನ್ನೋದೇ ಬೇರೆ ಲೆಕ್ಕ.

ಮೊದಲು ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದುಕೊಂಡೆ: "ರಕ್ತ ಒಂದು ಪೂರ್ತಿ ಸುತ್ತು ಬರೋದ್ರೊಳಗೆ ಹೃದಯಕ್ಕೆ ಎರಡು ಸಲ ಯಾಕೆ ಬರುತ್ತೆ?" ಈ ಪ್ರಶ್ನೆಗೆ ಉತ್ತರ ಕೊಡದ ಸಾಲನ್ನೆಲ್ಲ ನೋಟ್ಸ್‌ನಲ್ಲಿ ಹೊಡೆದು ಹಾಕುತ್ತಾ ಹೋದೆ. ಪ್ಲೇಟ್‌ಲೆಟ್ ಹೋಯಿತು, ದುಗ್ಧರಸ ಹೋಯಿತು, 120/80 ಹೋಯಿತು. ಕವಾಟಗಳ ಹೆಸರು ಹೋಯಿತು, ಆದರೆ ಅವುಗಳ ಕೆಲಸ ಉಳಿಯಿತು: ಹಿಂದಕ್ಕೆ ಹರಿಯದ ಹಾಗೆ ತಡೆಯೋದು. ಕಪ್ಪೆಯ ಹೃದಯವನ್ನು ಬಿಡೋಕೆ ಮಾತ್ರ ಮನಸ್ಸು ಬರಲಿಲ್ಲ. ಕೊನೆಗೆ ಅದಕ್ಕೆ ಮುಂದಿನ ವಾರ ಬೇರೆ ಹಾಳೆ ಅಂತ ಸಮಾಧಾನ ಮಾಡಿಕೊಂಡೆ.

ಉಳಿದದ್ದು ಆರು ನಿಲ್ದಾಣ. ದೇಹ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ. ಅಲ್ಲಿಂದ ಮತ್ತೆ ದೇಹ. ಪುಸ್ತಕದ ಚಿತ್ರದಂತೆ ಹೃದಯವನ್ನು ಓರೆಯಾಗಿ, ನಾಳಗಳೆಲ್ಲ ಸುತ್ತಿಕೊಂಡಿರೋ ಹಾಗೆ ಬರೆಯಲಿಲ್ಲ. ಆ ಚಿತ್ರದಲ್ಲಿ ದಾರಿ ಎಲ್ಲಿ ಶುರು ಅಂತ ಮಕ್ಕಳಿಗೆ ಗೊತ್ತಾಗೋದೇ ಇಲ್ಲ. ನಾಲ್ಕು ಕೋಣೆಗಳ ಒಂದು ಚೌಕ ಮಾಡಿ ಹಾಳೆಯ ಮಧ್ಯ ಇಟ್ಟೆ. ಮೇಲೆ ಶ್ವಾಸಕೋಶ, ಕೆಳಗೆ ದೇಹ.

ಆಮೇಲೆ ಒಂದು ತಪ್ಪು ಮಾಡಿದೆ. ಎರಡು ಸುತ್ತು ಅಲ್ವಾ ಅಂತ ಇಂಗ್ಲಿಷಿನ 8ರ ಹಾಗೆ ದಾರಿ ಎಳೆದೆ. ಮೇಲಿನ ಸೊನ್ನೆ ಶ್ವಾಸಕೋಶಕ್ಕೆ, ಕೆಳಗಿನ ಸೊನ್ನೆ ದೇಹಕ್ಕೆ. ನೋಡೋಕೆ ಚೆನ್ನಾಗಿತ್ತು. ಬಣ್ಣ ಹಾಕಿ ಎದ್ದು ನಿಂತು ನೋಡಿದಾಗ ಎದೆ ಧಸಕ್ ಅಂತು. 8ರ ನಡುವೆ ಕೆಂಪು ಗೆರೆ, ನೀಲಿ ಗೆರೆ ಒಂದನ್ನೊಂದು ದಾಟುತ್ತಿದ್ದವು. ಆ ಜಾಗದಲ್ಲಿ ಎರಡೂ ರಕ್ತ ಬೆರೆಯುತ್ತೆ ಅಂತಲೇ ಯಾರಾದರೂ ಓದುತ್ತಾರೆ. ನಮಗೆ ನಾಲ್ಕು ಕೋಣೆ ಇರೋದು ಬೆರೆಯಬಾರದು ಅಂತಾನೇ. ಹೇಳಬೇಕಾದ್ದರ ತದ್ವಿರುದ್ಧ ನನ್ನ ಚಿತ್ರ ಹೇಳುತ್ತಿತ್ತು.

ಶೀಟು ಪಕ್ಕಕ್ಕಿಟ್ಟು ಹಳೇ ಪ್ರಶ್ನೆಪತ್ರಿಕೆಯ ಹಿಂಭಾಗದಲ್ಲಿ ಮತ್ತೆ ಎಳೆದು ನೋಡಿದೆ. ನಿಜವಾಗಿ ರಕ್ತದ ದಾರಿ ಎಲ್ಲೂ ತನ್ನನ್ನು ತಾನು ದಾಟೋದೇ ಇಲ್ಲ. ಅದು ಒಂದೇ ದೊಡ್ಡ ಬಳೆ. ಸೊಂಟದ ಹತ್ತಿರ ಎರಡೂ ಕಡೆಯಿಂದ ಒಳಕ್ಕೆ ಒತ್ತಿದ ಬಳೆ. ಆ ಸೊಂಟವೇ ಹೃದಯ. ಎಡಗಡೆ ಗೆರೆಯೆಲ್ಲ ನೀಲಿ, ಬಲಗಡೆಯೆಲ್ಲ ಕೆಂಪು. ಸೊಂಟದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ನಡುವೆ ಮಾರ್ಕರ್‌ನಲ್ಲಿ ದಪ್ಪನೆಯ ಕಪ್ಪು ಗೆರೆ ಎಳೆದು "ಗೋಡೆ" ಅಂತ ಬರೆದೆ. ಇಡೀ ಹಾಳೆಯಲ್ಲಿ ಅತಿ ದಪ್ಪ ಗೆರೆ ಅದೇ. ಎಡ ಹೃತ್ಕುಕ್ಷಿಯ ಹೊರಗೋಡೆಯನ್ನೂ ಸ್ವಲ್ಪ ದಪ್ಪ ಮಾಡಿದೆ, ಇಡೀ ದೇಹಕ್ಕೆ ದೂಡೋದು ಅದೇ ತಾನೇ.

ಚಿತ್ರದ ಎಡ ಅಂದರೆ ಹೃದಯದ ಬಲ. ಪ್ರತಿ ವರ್ಷ ಇದರಲ್ಲಿ ಮಕ್ಕಳು ಎಡವುತ್ತಾರೆ. ಅದಕ್ಕೇ ಮೇಲ್ಗಡೆ "ಇದು ನಿಮ್ಮ ಎದುರು ನಿಂತವರ ಹೃದಯ" ಅಂತ ಒಂದು ಸಾಲು ಹಾಕಿದೆ.

ಇನ್ನೊಂದು ವಿಷಯಕ್ಕೆ ತುಂಬಾ ಹೊತ್ತು ಹಿಡಿಯಿತು. ಅಪಧಮನಿ ಅಂದರೆ "ಶುದ್ಧ ರಕ್ತ", ಅಭಿಧಮನಿ ಅಂದರೆ "ಅಶುದ್ಧ ರಕ್ತ" ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿರುತ್ತೆ. ಶ್ವಾಸಕೋಶದ ಹತ್ತಿರ ಅದು ಕೈಕೊಡುತ್ತೆ. ಅಲ್ಲಿಗೆ ಹೋಗೋ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ, ಅಲ್ಲಿಂದ ಬರೋ ಅಭಿಧಮನಿಯಲ್ಲಿ ಜಾಸ್ತಿ. ನೋಟ್ಸ್‌ನಲ್ಲಿ ಇದನ್ನು "ಅಪವಾದ" ಅಂತ ಬರೆದಿದ್ದೆ. ಬಳೆ ಎಳೆದ ಮೇಲೆ ಗೊತ್ತಾಯಿತು, ಇದು ಅಪವಾದವೇ ಅಲ್ಲ. ಹೆಸರು ಬರೋದು ದಿಕ್ಕಿನಿಂದ: ಹೃದಯದಿಂದ ಆಚೆ ಹೋದರೆ ಅಪಧಮನಿ, ಹೃದಯಕ್ಕೆ ಬಂದರೆ ಅಭಿಧಮನಿ. ಬಣ್ಣ ಹೇಳೋದು ಆಕ್ಸಿಜನ್ನನ್ನು. ಎರಡು ಬೇರೆ ಬೇರೆ ಮಾತು. ಹಾಗಾಗಿ ಹೆಸರನ್ನೆಲ್ಲ ಬಾಣದ ಪಕ್ಕದಲ್ಲೇ ಕಪ್ಪಿನಲ್ಲಿ ಬರೆದೆ. ಕೆಂಪು, ನೀಲಿಯನ್ನು ಗೆರೆಗಷ್ಟೇ ಬಿಟ್ಟೆ. ಅಪವಾದ ಅನ್ನೋ ಪದವೇ ಹಾಳೆಗೆ ಬೇಕಾಗಲಿಲ್ಲ.

ಬಣ್ಣದ ವಿವರಣೆಯಲ್ಲಿ "ಆಕ್ಸಿಜನ್ ಇಲ್ಲದ ರಕ್ತ" ಅಂತ ಬರೆದು, ಹೊಡೆದು, "ಆಕ್ಸಿಜನ್ ಕಡಿಮೆ ಇರುವ" ಅಂತ ತಿದ್ದಿದೆ. ಸುಮ್ನೆ ಕೂತಿರೋ ಮನುಷ್ಯನಲ್ಲಿ ದೇಹ ಸುತ್ತಿ ವಾಪಸ್ ಬರೋ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಆಕ್ಸಿಜನ್ ಇನ್ನೂ ಉಳಿದಿರುತ್ತೆ. ಅದರ ಕೆಳಗೆ "ನೀಲಿ ಗುರುತಿಗಷ್ಟೇ, ನಿಜವಾದ ಬಣ್ಣ ಕಡುಗೆಂಪು" ಅಂತಲೂ ಸೇರಿಸಿದೆ. ನೀಲಿ ಗೆರೆಯನ್ನು ತುಂಡು ತುಂಡಾಗಿ ಎಳೆದೆ. ಮಕ್ಕಳಿಗೆ ಜೆರಾಕ್ಸ್ ಕೊಟ್ಟಾಗ ಎರಡೂ ಬೂದು ಬಣ್ಣವೇ ಆಗೋದು.

ಅಕ್ಷರ ಬರೆಯುವಾಗ ಡ್ರಾಯಿಂಗ್ ಮೇಷ್ಟ್ರು ಬಂದು ನೋಡಿದರು. "ಮೇಡಂ, ಆ 'ಹೃತ್ಕುಕ್ಷಿ'ನ ಇಷ್ಟು ದಪ್ಪ ಪೆನ್ನಲ್ಲಿ ಬರೀಬೇಡಿ. ಒತ್ತಕ್ಷರ ಮುಚ್ಚಿಹೋಗುತ್ತೆ," ಅಂದರು. ಹೌದು, ಕಾಲುಗೆರೆ, ಒತ್ತು ಎಲ್ಲ ಸೇರಿ ಕೆಳಗೆ ಮಸಿಮುದ್ದೆಯಾಗಿತ್ತು. ಪೆನ್ನು ಬದಲಾಯಿಸಿ, ಅಕ್ಷರವನ್ನೇ ದೊಡ್ಡದು ಮಾಡಿ, ಎರಡು ಸಾಲಿನ ಮಧ್ಯೆ ಒಂದು ಅಕ್ಷರದಷ್ಟು ಜಾಗ ಬಿಟ್ಟೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಜಾಗ ಸಾಲದೆ ಎರಡು ವಾಕ್ಯ ತೆಗೆಯಬೇಕಾಯಿತು. ಎರಡೂ ಚಿತ್ರದಲ್ಲಿ ಆಗಲೇ ಕಾಣುತ್ತಿದ್ದದ್ದನ್ನೇ ಹೇಳುತ್ತಿದ್ದವು.

ಗೋಡೆಗೆ ಒರಗಿಸಿ ಆರು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಗೋಡೆ, ಬಾಣ, ಒಂದರಿಂದ ಆರರವರೆಗಿನ ಅಂಕಿ ಅಲ್ಲಿಂದ ಕಾಣುತ್ತಿದ್ದವು. ಚಿಕ್ಕ ಟಿಪ್ಪಣಿ ಕಾಣಲಿಲ್ಲ. ಅದು ಹತ್ತಿರ ಬಂದವರಿಗೆ, ಇರಲಿ.

ಬಸ್ಸಿಗೆ ಕಾಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದೆ. ಅವಳಿಗೆ ಈ ಪಾಠ ಇನ್ನೂ ಆಗಿಲ್ಲ. "ಒಂದರಿಂದ ಬೆರಳಿಟ್ಟು ದಾರಿ ಹೇಳ್ತಾ ಹೋಗು," ಅಂದೆ. ದೇಹದಿಂದ ಶುರು ಮಾಡಿ ಮೆಲ್ಲಗೆ ಹೋದಳು. ಶ್ವಾಸಕೋಶದಲ್ಲಿ ನಿಂತು, "ಇಲ್ಲಿ ಕೆಂಪಾಯ್ತು," ಅಂದಳು. ಮತ್ತೆ ಹೃದಯಕ್ಕೆ ಬಂದಾಗ, "ಓ, ಮತ್ತೆ ಇಲ್ಲಿಗೇ ಬಂತಲ್ಲ. ಆದ್ರೆ ಗೋಡೆ ಆಚೆ," ಅಂದಳು. ಯಾಕೆ ಮತ್ತೆ ಬರಬೇಕು ಅಂತ ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, "ಮತ್ತೆ ದೂಡ್ಬೇಕಲ್ಲ ಮೇಡಂ, ಪೂರ್ತಿ ಮೈಗೆ," ಅಂದಳು. ಶ್ವಾಸಕೋಶದ ಸಣ್ಣ ಸಣ್ಣ ಲೋಮನಾಳಗಳನ್ನು ದಾಟುವಾಗ ಒತ್ತಡ ಇಳಿದಿರುತ್ತೆ, ಅದಕ್ಕೇ ಎರಡನೇ ಸಲ ದೂಡಬೇಕು ಅಂತ ನಾನು ಸೇರಿಸಿದೆ.

ಬೆರಳನ್ನು ಇನ್ನೂ ಕಪ್ಪು ಗೆರೆಯ ಮೇಲೇ ಇಟ್ಟುಕೊಂಡು ಕೇಳಿದಳು: "ಮೇಡಂ, ಈ ಗೋಡೇಲಿ ತೂತಿದ್ರೆ?"

ಹಾಗೆ ಹುಟ್ಟೋ ಮಕ್ಕಳೂ ಇದ್ದಾರೆ ಅಂದೆ. ಅದೇ ಪ್ರಶ್ನೆಪತ್ರಿಕೆಯ ಹಿಂದೆ ಗೋಡೆ ಬರೆದು, ಒಂದು ಕಿಂಡಿ ಬಿಟ್ಟು, ಬಾಣ ಯಾವ ಕಡೆಗೆ ಹಾಕಬೇಕು ಹೇಳು ಅಂದೆ. ಎಡ ಹೃತ್ಕುಕ್ಷಿಯ ದಪ್ಪ ಗೋಡೆಯನ್ನು ಒಂದು ಸಲ, ಬಲಗಡೆಯ ತೆಳು ಗೋಡೆಯನ್ನು ಒಂದು ಸಲ ನೋಡಿದಳು. ಪೆನ್ಸಿಲ್ ತಗೊಂಡು ಕೆಂಪಿನಿಂದ ನೀಲಿಯ ಕಡೆಗೆ ಬಾಣ ಎಳೆದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.