ಪ್ಯಾನೆಲ್ ತೊಳೆದ ದಿನ ಗ್ರಾಫ್ ಚಪ್ಪಟೆಯಾಯಿತು

ವಿಜಯಪುರದ ನಮ್ಮ ಮಾಳಿಗೆ ಮೇಲಿನ 540 ವ್ಯಾಟಿನ 12 ಸೋಲಾರ್ ಪ್ಯಾನೆಲ್‌ಗಳನ್ನು ಭಾನುವಾರ ಬೆಳಗ್ಗೆ ತೊಳೆದೆ. ಒಂದು ತಿಂಗಳ ಕೆಂಧೂಳು ಬಕೆಟ್ಟಿಗೆ ಇಳಿಯಿತು. ಮಧ್ಯಾಹ್ನ ಮೊಬೈಲ್ ತೆಗೆದು ನೋಡಿದರೆ ವಿದ್ಯುತ್ ಉತ್ಪಾದನೆಯ ಗ್ರಾಫಿನ ದುಂಡು ತಲೆಯನ್ನು ಯಾರೋ ಕುಡುಗೋಲಿನಿಂದ ಸವರಿದ ಹಾಗಿತ್ತು. 11:45ರಿಂದ 1:40ರ ತನಕ ಸರಿಯಾಗಿ 5.0 ಕಿಲೋವ್ಯಾಟ್, ಗೆರೆ ಎಳೆದಂತೆ. ಫೆಬ್ರವರಿಯಲ್ಲಿ ಇದಕ್ಕೇ ಕಾಯುತ್ತಿದ್ದೆ. ಖುಷಿಯಾಯಿತು.

ಯಾಕಂದ್ರೆ ಇನ್ವರ್ಟರ್ 5 ಕಿಲೋವ್ಯಾಟಿನದು, ಪ್ಯಾನೆಲ್ 6.48. ಅಂದರೆ ಡಿಸಿ-ಎಸಿ ಅನುಪಾತ ಸುಮಾರು 1.3. ಸಾಮಾನು ತರುವಾಗ ಅಂಗಡಿಯವರು ಒಪ್ಪಿರಲೇ ಇಲ್ಲ. "ಆರೂವರೆಗೆ ಐದರ ಇನ್ವರ್ಟರ್ ಹಾಕಿದ್ರ ಸುಟ್ಟು ಹೋಗ್ತದರೀ ಸರ್" ಎಂದು ಮೂರು ಸಲ ಹೇಳಿದರು. ಜಾಸ್ತಿ ರೊಕ್ಕದ ದೊಡ್ಡ ಇನ್ವರ್ಟರ್ ತೋರಿಸಿದರು.

ಸುಡಲಿಲ್ಲ. ಇನ್ವರ್ಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮಿಕ್ಕಿದ್ದನ್ನು ಬಿಸಿಯಾಗಿ ಸುಡುವುದೂ ಇಲ್ಲ. ಆ ಹೊತ್ತಿಗೆ ಡಿಸಿ ಕಡೆಯ ವೋಲ್ಟೇಜ್ ನೋಡಿದೆ. ತಲಾ ಆರು ಪ್ಯಾನೆಲ್‌ಗಳ ಎರಡು ಸರಣಿ, ಅಂದರೆ ಸ್ಟ್ರಿಂಗ್ ಇವೆ. ಈ ತಿಂಗಳ ಮಧ್ಯಾಹ್ನಗಳಲ್ಲಿ ಒಂದೊಂದೂ 225ರ ಹತ್ತಿರ ಇರುತ್ತಿತ್ತು. ಅಂದು 236ಕ್ಕೆ ಏರಿತ್ತು. ಹೆಚ್ಚು ವಿದ್ಯುತ್ ಸಿಗುವ ವೋಲ್ಟೇಜ್ ಹುಡುಕುವ ಇನ್ವರ್ಟರಿನ ಭಾಗ ಎಂಪಿಪಿಟಿ ತಾನಾಗಿಯೇ ಅತ್ಯುತ್ತಮ ಬಿಂದುವಿನಿಂದ ಮೇಲಕ್ಕೆ ಸರಿದು ಕರೆಂಟ್ ತಗ್ಗಿಸಿತ್ತು, ಅಷ್ಟೇ. ಗೆರೆ ಇನ್ವರ್ಟರಿನ ಹೆಸರಿನಷ್ಟೇ ಎತ್ತರಕ್ಕೆ ನಿಂತು, ಜೊತೆಗೆ ವೋಲ್ಟೇಜ್ ಏರಿದ್ದರೆ ಅದು ಕ್ಲಿಪಿಂಗ್. 4.2, 4.3ಕ್ಕೇ ಬಾಗಿ ಸಂಜೆಗೆ ಮುಂಚೆ ಇಳಿಯುತ್ತಾ ಹೋದರೆ, ಮೊದಲು ಇನ್ವರ್ಟರ್ ಮೈ ಮುಟ್ಟಿ ನೋಡಿ. ಬಿಸಿಲಿನ ಗೋಡೆಯ ಶಾಖಕ್ಕೆ ಅದು ತನ್ನನ್ನು ತಾನೇ ತಗ್ಗಿಸಿಕೊಂಡಿರಬಹುದು.

ಈಗ 6.48 ಏಕೆ 6.48 ಆಗುವುದಿಲ್ಲ ಎಂಬ ಲೆಕ್ಕ. ಪ್ಯಾನೆಲ್ ಮೇಲಿನ ಅಂಕಿ ಸೆಲ್ 25 ಡಿಗ್ರಿಯಲ್ಲಿದ್ದಾಗಿನದು, ಬಿಸಿಲು ಚದರ ಮೀಟರಿಗೆ 1000 ವ್ಯಾಟ್ ಇದ್ದಾಗಿನದು. ನಮ್ಮಲ್ಲಿ ಫೆಬ್ರವರಿಯ ನಡು ಮಧ್ಯಾಹ್ನ ಗಾಳಿ 31 ಇದ್ದರೆ ಸೆಲ್ 56ರ ಆಸುಪಾಸು. ಡಿಗ್ರಿಗೆ ಶೇ 0.35ರಂತೆ ಅಲ್ಲೇ ಶೇ 11 ಹೋಯಿತು: 5.77. ಬಿಸಿಲು 950 ಎಂದುಕೊಂಡರೆ 5.48. ಧೂಳು, ಕೇಬಲ್, ಪ್ಯಾನೆಲ್‌ಗಳ ಹೆಚ್ಚುಕಡಿಮೆಗೆ ಶೇ 5 ಬಿಟ್ಟರೆ 5.2. ಇನ್ವರ್ಟರ್ ತನ್ನ ಪಾಲಿನ ಶೇ 3 ತೆಗೆದುಕೊಂಡ ಮೇಲೆ ಸುಮಾರು 5.05. ಧೂಳು ತೊಳೆದರೆ 5.2 ಆಗಬೇಕು. ಮೇಲಿನ ಆ ಚೂರು ಕತ್ತರಿಸಿ ಹೋಗಿದೆ. ಒಂದು ಗಂಟೆ 55 ನಿಮಿಷಕ್ಕೆ ಕಳೆದದ್ದು ಸುಮಾರು ಕಾಲು ಯೂನಿಟ್. ಆ ದಿನ ಬಂದದ್ದು 31. ಏಪ್ರಿಲ್‌ನಲ್ಲಿ ಸೆಲ್ 65 ದಾಟುತ್ತದೆ. ಆಗ 4.9ರ ಮೇಲೆ ಹೋಗುವುದೇ ಕಷ್ಟ, ಕ್ಲಿಪಿಂಗ್ ಅಪರೂಪ.

ಐದಕ್ಕೆ ಐದೇ ಹಾಕಿದ್ದರೆ ಇದೇ ದಿನ ತುದಿ ಸುಮಾರು 4 ಕಿಲೋವ್ಯಾಟ್. ಇನ್ವರ್ಟರಿನ ಐದನೇ ಕಿಲೋವ್ಯಾಟಿಗೆ ಕೊಟ್ಟ ದುಡ್ಡು ಸುಮ್ನೆ ಗೋಡೆ ಮೇಲೆ ತೂಗುತ್ತಿತ್ತು. ಹಾಗಂತ ಇನ್ನೂ ಮೂರು ಪ್ಯಾನೆಲ್ ಏರಿಸಿ 8.1 ಮಾಡಬಾರದು. ಆಗ ಅನುಪಾತ 1.6. ಹತ್ತು ಗಂಟೆಯಿಂದಲೇ ತಲೆ ಸವರಲು ಶುರುವಾಗಿ ಮೂರು ಗಂಟೆವರೆಗೂ ನಿಲ್ಲುವುದಿಲ್ಲ. 39ರಲ್ಲಿ ಐದು ಯೂನಿಟ್ ಹೋಗುತ್ತದೆ. ಆ ಮೂರೂ ಪ್ಯಾನೆಲ್ ಮಧ್ಯಾಹ್ನವಿಡೀ ದುಡಿಯದೆ ಕೂತಂತೆ. ಅದಕ್ಕೇ ಬಹಳ ಮಂದಿ 1.2, 1.3ರ ಸುತ್ತ ನಿಲ್ಲುತ್ತಾರೆ.

ಇನ್ವರ್ಟರನ್ನು ನಿಜಕ್ಕೂ ಸುಡುವುದು ವೋಲ್ಟೇಜ್. ಅಂಗಡಿಯವರ ಮೇಲಿನ ನನ್ನ ಸಿಟ್ಟು ಇಲ್ಲಿದೆ. ಕೇಬಲ್ ಉಳಿಸಲು ಹನ್ನೆರಡನ್ನೂ ಒಂದೇ ಸ್ಟ್ರಿಂಗ್ ಮಾಡೋಣ ಎಂದಿದ್ದರು. ಕರೆಂಟ್ ಎಳೆಯದಿದ್ದಾಗ ಒಂದು ಪ್ಯಾನೆಲಿನ ವೋಲ್ಟೇಜ್, ಅಂದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್, 49.5. ಹನ್ನೆರಡಕ್ಕೆ 594. ಇನ್ವರ್ಟರಿನ ಮಿತಿ 600, ಹಾಗಾಗಿ ಸರಿ ಎಂದರು. ಆದರೆ ಚಳಿಯಲ್ಲಿ ಇದು ಏರುತ್ತದೆ ಅಲ್ವಾ. ಡಿಸೆಂಬರ್ ಬೆಳಗ್ಗೆ ಸೆಲ್ 10 ಡಿಗ್ರಿ ಇದ್ದು ಬಿಸಿಲು ಬಿದ್ದರೆ, ಡಿಗ್ರಿಗೆ ಶೇ 0.27ರಂತೆ 618! ಒಂದೇ ಮುಂಜಾನೆಗೆ ಕಥೆ ಮುಗಿಯುತ್ತಿತ್ತು. ಎರಡು ಸ್ಟ್ರಿಂಗ್ ಮಾಡಿಸಿದೆ, ತಲಾ 309. ಪ್ಯಾನೆಲ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟ್ ಒಂದೊಂದು ಎಂಪಿಪಿಟಿಯ ಮಿತಿಯೊಳಗೆ ಇದೆಯೇ ಎಂದೂ ಡೇಟಾಶೀಟಿನಲ್ಲಿ ನೋಡಿಕೊಂಡೆ. ಕಿಲೋವ್ಯಾಟ್ ಅನುಪಾತ ಆಮೇಲಿನ ಮಾತು.

ಮುಂದಿನದು ತಿಕೋಟಾ ಕಡೆಯ ಕಾಕಾನ ದ್ರಾಕ್ಷಿ ಒಣಗಿಸುವ ಶೆಡ್. ಅದರ ತಗಡು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇಳಿಜಾರು. ಎರಡೂ ಕಡೆ ಒಟ್ಟಿಗೆ ತುದಿ ಮುಟ್ಟುವುದಿಲ್ಲ, ಹಾಗಾಗಿ ಅಲ್ಲಿ 1.4 ಹಾಕಿದರೂ ಕ್ಲಿಪಿಂಗ್ ಕಡಿಮೆ ಇರಬೇಕು. ಎಷ್ಟು ಕಡಿಮೆ ಎಂಬುದು ಇಳಿಜಾರಿನ ಮೇಲೆ. ಒಣದ್ರಾಕ್ಷಿ ಇಳಿಸಿದ ಮೇಲೆ ಕೋನ ಅಳೆಯಲು ಹತ್ತುತ್ತೇನೆ.