ಹದಿನಾಲ್ಕನೇ ಮಹಡಿ ಎಣಿಸಿದ ಮಾವ

"ಇದೇನ್ ಸಾರ್, ಬಿಲ್ಡಿಂಗು ಈಸಿ ಚೇರಲ್ಲಿ ಒರಗಿದಂಗೆ ಕೂತಿದೆ?"

ಸೋಮವಾರ ಸಂಜೆ ಚಾಮರಾಜಪೇಟೆಯ ಫ್ರೇಮ್ ಅಂಗಡಿಯವರು ಕೇಳಿದ ಈ ಪ್ರಶ್ನೆ ಇಡೀ ವಾರ ನನ್ನ ತಲೆಯಲ್ಲಿ ಓಡಾಡಿತು. ಅವರು ಗೇಲಿ ಮಾಡಲಿಲ್ಲ. ಕನ್ನಡಕ ಮೇಲೆತ್ತಿ, ಫೋಟೋವನ್ನು ಸ್ವಲ್ಪ ಓರೆ ಮಾಡಿ ನೋಡಿ, ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಹಾಗೆ ಹೇಳಿದರು. ಅದಕ್ಕೇ ಜಾಸ್ತಿ ನಾಟಿತು.

ಫೋಟೋ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗಿನದು. 1973ರಲ್ಲಿ ಎದ್ದು ನಿಂತ 25 ಮಹಡಿಯ ಕಟ್ಟಡ. ಸುಭಾಷ್ ಚಂದ್ರ ಬೋಸ್ ಅವರ ಹೆಸರಿಟ್ಟರೂ ಊರಿನ ಬಾಯಲ್ಲಿ ಅದು ಯುಟಿಲಿಟಿಯೇ. ನಮ್ಮ ಸೋದರಮಾವ ಅದರ ಹದಿನಾಲ್ಕನೇ ಮಹಡಿಯ ಒಂದು ಆಫೀಸಿನಲ್ಲಿ 28 ವರ್ಷ ಕೆಲಸ ಮಾಡಿದವರು. ಭಾನುವಾರ ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಶಾಲು ಹೊದಿಸಿದರೆ ಬೀರುವಿಗೆ ಹೋಗುತ್ತೆ, ಫೋಟೋ ಕೊಟ್ಟರೆ ಗೋಡೆಗೆ ಬರುತ್ತೆ ಅಂತ ನನ್ನ ಲೆಕ್ಕ. ಗೆಳೆಯನ ಆಫೀಸು ಹತ್ತಿರದ ಕಟ್ಟಡವೊಂದರ ಆರನೇ ಮಹಡಿಯಲ್ಲಿದೆ. ಅಲ್ಲಿ ನಿಂತು ಮೊಬೈಲಿನಲ್ಲಿ ತೆಗೆದಿದ್ದೆ. 12×16 ಇಂಚಿನ ಫ್ರೇಮಿಗೆ ಮುಂಗಡವನ್ನೂ ಕೊಟ್ಟಾಗಿತ್ತು.

ಕಟ್ಟಡ ಒರಗಿದ್ದು ನನ್ನ ಕೈಯಿಂದಲೇ. ಮೊಬೈಲನ್ನು ಗೋಡೆಗೆ ಸಮನಾಗಿ ನೆಟ್ಟಗೆ ಹಿಡಿದರೆ ಕಟ್ಟಡದ ನಿಂತ ಗೆರೆಗಳು ಫೋಟೋದಲ್ಲೂ ನೆಟ್ಟಗೇ ಬರುತ್ತವೆ. ಆದರೆ ಹಾಗೆ ಹಿಡಿದಾಗ ಚಿತ್ರದ ಕೆಳಗೆ ಬರೀ ರಸ್ತೆ, ಮೇಲೆ ಕಟ್ಟಡದ ತಲೆಯೇ ಇಲ್ಲ. ತಲೆ ಬರಲಿ ಅಂತ ಮೊಬೈಲನ್ನು ಸುಮಾರು 15 ಡಿಗ್ರಿ ಮೇಲಕ್ಕೆ ಓರೆ ಮಾಡಿದೆ. ಆ ಕ್ಷಣದಿಂದ ಎರಡು ಅಂಚುಗಳೂ ಮೇಲೆ ಹೋಗ್ತಾ ಹೋಗ್ತಾ ಒಂದರ ಹತ್ತಿರ ಒಂದು ಬರತೊಡಗುತ್ತವೆ. ಕಣ್ಣಿಗೂ ಹಾಗೇ ಕಾಣುತ್ತೆ, ಆದರೆ ನಾವು ಕತ್ತು ಎತ್ತಿದ್ದೇವೆ ಅಂತ ಮಿದುಳಿಗೆ ಗೊತ್ತಿರುತ್ತೆ, ಸರಿ ಮಾಡಿಕೊಳ್ಳುತ್ತೆ. ಗೋಡೆಗೆ ಹಾಕಿದ ಫೋಟೋ ಮುಂದೆ ಯಾರೂ ಕತ್ತು ಎತ್ತಿ ನಿಲ್ಲುವುದಿಲ್ಲ. ಅಲ್ಲಿ ಅದು ಬೀಳುವ ಕಟ್ಟಡವೇ.

ಮನೆಗೆ ಬಂದು ಹಳೇ ಲ್ಯಾಪ್‌ಟಾಪಿನಲ್ಲಿ ಫೋಟೋ ತಿದ್ದುವ ಗಿಂಪ್ ತಂತ್ರಾಂಶ ತೆರೆದೆ. ಫೋಟೋ 3000 ಪಿಕ್ಸೆಲ್ ಅಗಲ, 4000 ಎತ್ತರ. ಕಟ್ಟಡ ಬುಡದಲ್ಲಿ 1400 ಪಿಕ್ಸೆಲ್ ಅಗಲ ಇದ್ದರೆ ನೆತ್ತಿಯಲ್ಲಿ ಬರೀ 1040. Perspective ಸಾಧನ ಹಿಡಿದು ಫೋಟೋದ ಮೇಲಿನ ಎರಡು ಮೂಲೆಗಳನ್ನು ಹೊರಕ್ಕೆ ಎಳೆದೆ. ಒಂದೊಂದು ಕಡೆ 650 ಪಿಕ್ಸೆಲ್ ಎಳೆದಾಗ ಗೆರೆಗಳು ನೆಟ್ಟಗಾದವು. ಇಷ್ಟೇನಾ ಅಂತ ಖುಷಿಯಾಗಿ ಹೆಂಡತಿಯನ್ನು ಕರೆದು ತೋರಿಸಿದೆ.

"ಕಟ್ಟಡ ನೆಟ್ಟಗೇನೋ ಇದೆ. ಆದ್ರೆ ಮದುವೆ ಮನೆ ಊಟ ಮಾಡಿ ಬಂದ ಹಾಗಿದೆ" ಅಂದಳು.

ಸರಿಯಾಗೇ ಹೇಳಿದ್ದಳು. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಓರೆ ಹಿಡಿದಾಗ ಕಟ್ಟಡದ ನೆತ್ತಿ ಅಗಲದಲ್ಲಿ ಮಾತ್ರ ಕುಗ್ಗುವುದಿಲ್ಲ, ಎತ್ತರದಲ್ಲೂ ಕುಗ್ಗಿರುತ್ತೆ. ನಾನು ಅಗಲವನ್ನು ವಾಪಸ್ ಕೊಟ್ಟೆ, ಎತ್ತರವನ್ನು ಕೊಡಲಿಲ್ಲ. ಕಟ್ಟಡ ಕುಳ್ಳಗೆ ದಪ್ಪಗೆ ಆಯಿತು. ಇದರ ಬದಲು ಕೆಳಗಿನ ಮೂಲೆಗಳನ್ನು ಒಳಕ್ಕೆ ತಳ್ಳಿ ಗೆರೆ ಸರಿ ಮಾಡಿದ್ದರೆ ಉಲ್ಟಾ ಆಗ್ತಿತ್ತು. ಅಗಲ ಹೋಗಿ ಕಟ್ಟಡ ಸಣಕಲಾಗಿ ಉದ್ದ ಕಾಣ್ತಿತ್ತು.

ಹಾಗಾದರೆ ಎಷ್ಟು ಎತ್ತರ ವಾಪಸ್ ಕೊಡಬೇಕು? ಕಣ್ಣಳತೆ ನನಗೆ ಸಾಲದು. ಅದೇ ಮುಖವನ್ನು ತುಂಬಾ ದೂರದಿಂದ ಝೂಮ್ ಮಾಡಿ ತೆಗೆದ ಹಳೇ ಫೋಟೋ ಒಂದು ನನ್ನ ಹತ್ತಿರ ಇತ್ತು. ಮಸುಕು ಮಸುಕು, ಫ್ರೇಮಿಗೆ ಲಾಯಕ್ಕಿಲ್ಲ. ಆದರೆ ದೂರದಿಂದ ತೆಗೆದಾಗ ಓರೆ ಇಲ್ಲದಷ್ಟು ಕಮ್ಮಿ, ಅಳತೆ ನಂಬಬಹುದು. ಅದರಲ್ಲಿ ಎತ್ತರ ಅಗಲದ 2.85 ಪಟ್ಟು ಬಂತು. ನನ್ನ ದಪ್ಪ ಕಟ್ಟಡದಲ್ಲಿ 2.26 ಪಟ್ಟು. ಒಂದರಿಂದ ಒಂದನ್ನು ಭಾಗಿಸಿದರೆ 1.26. ಅಂದರೆ 4000 ಪಿಕ್ಸೆಲ್ ಎತ್ತರದ ಚಿತ್ರ 5040 ಆಗಬೇಕು. ಮೊದಲಿನದನ್ನು ಅಳಿಸಿ ಮೂಲ ಫೋಟೋದಿಂದ ಮತ್ತೆ ಶುರು ಮಾಡಿದೆ. ಈ ಸಲ ಮೇಲಿನ ಮೂಲೆಗಳನ್ನು ಹೊರಕ್ಕೆ 650, ಜೊತೆಗೇ ಮೇಲಕ್ಕೆ 1040 ಎಳೆದೆ. ಎರಡನ್ನೂ ಒಂದೇ ಸಲಕ್ಕೆ ಮಾಡುವುದು ಒಳ್ಳೇದು. ಪ್ರತಿ ಸಲ ಎಳೆದಾಗಲೂ ಪಿಕ್ಸೆಲ್‌ಗಳು ಹಿಗ್ಗಿ ಚಿತ್ರ ಒಂಚೂರು ಮಂಕಾಗುತ್ತೆ. ಮೇಲಿನ ಮಹಡಿಗಳ ಕಿಟಕಿಗಳು ಈಗಾಗಲೇ ಸ್ವಲ್ಪ ಮೆತ್ತಗಾಗಿದ್ದವು.

ಈಗ ಇನ್ನೊಂದು ತಮಾಷೆ. ಗೆರೆಗಳನ್ನು ಪೂರ್ತಿ ಸಮಾನಾಂತರ ಮಾಡಿದ ಮೇಲೆ ಕಟ್ಟಡದ ನೆತ್ತಿಯೇ ಅಗಲವಾಗಿದೆ ಅನ್ನಿಸತೊಡಗಿತು. ಸ್ಕೇಲ್ ಇಟ್ಟು ನೋಡಿದರೆ ಸರಿ ಇದೆ, ಕಣ್ಣು ಒಪ್ಪುವುದಿಲ್ಲ. ಎತ್ತರದ್ದು ಅಂದ ಮೇಲೆ ಸ್ವಲ್ಪವಾದರೂ ಕಿರಿದಾಗಬೇಕು ಅಂತ ಕಣ್ಣು ಕಾಯುತ್ತಿರುತ್ತೆ. ಹಾಗಾಗಿ ಮೂಲೆಗಳನ್ನು ಒಂಚೂರು ಕಮ್ಮಿ ಎಳೆದು, ಬುಡ 1430 ಆದ ಕಡೆ ನೆತ್ತಿಯನ್ನು 1390ಕ್ಕೆ ಬಿಟ್ಟೆ. ಆ 40 ಪಿಕ್ಸೆಲ್ ಸುಳ್ಳು ನನಗೂ ಕಣ್ಣಿಗೂ ಇರುವ ಒಪ್ಪಂದ.

ಗುರುವಾರ ಪೆನ್‌ಡ್ರೈವ್ ಹಿಡಿದು ಮತ್ತೆ ಚಾಮರಾಜಪೇಟೆ. ಅಂಗಡಿಯವರು ಕಂಪ್ಯೂಟರಿನಲ್ಲಿ ತೆರೆದು, "ಈಗ ಎದ್ದು ಕೂತಿದೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಆದ್ರೆ ಸಾರ್, ಕೆಳಗಡೆ ಪಂಚೆ ಹರಿದಿದೆಯಲ್ಲ?"

ನೋಡಿದರೆ ಹೌದು. ಕೆಳಗಿನ ಎಡಕ್ಕೂ ಬಲಕ್ಕೂ ಒಂದೊಂದು ಬಿಳಿ ತ್ರಿಕೋನ. ಮೂಲೆಗಳನ್ನು ಎಳೆದ ಮೇಲೆ ಚಿತ್ರ ಆಯತವಾಗಿ ಉಳಿದಿರಲಿಲ್ಲ. ಮೇಲೆ ಸುಮಾರು 4160 ಅಗಲ, ಕೆಳಗೆ 3000. ಬಕೆಟ್ಟಿನ ಆಕಾರ. ಗಿಂಪ್‌ನಲ್ಲಿ Clipping ಅನ್ನುವ ಕಡೆ Adjust ಇಟ್ಟಿದ್ದೆ. ಅದು ಏನನ್ನೂ ಕತ್ತರಿಸದೆ ಪೂರ್ತಿ ಬಕೆಟ್ಟನ್ನು ಉಳಿಸಿಕೊಳ್ಳುತ್ತೆ. ಆಮೇಲೆ Fit Canvas to Layers ಕೊಟ್ಟು ಕ್ಯಾನ್ವಾಸನ್ನೂ ಬಕೆಟ್ಟಿನಷ್ಟೇ ದೊಡ್ಡದು ಮಾಡಿದ್ದೆ. ಅಕ್ಕಪಕ್ಕದ ಖಾಲಿ ಜಾಗ ಗಿಂಪ್ ಒಳಗೆ ಪಾರದರ್ಶಕ. ಜೆಪೆಗ್ ಮಾಡಿ ಉಳಿಸಿದಾಗ ಪಾರದರ್ಶಕ ಅನ್ನುವುದು ಅದಕ್ಕೆ ಗೊತ್ತಿಲ್ಲ, ಬಿಳಿ ತುಂಬಿತು. ನಾನು ಮನೆಯಲ್ಲಿ ನೋಡಿದ್ದು ಬಿಳಿ ಹಿನ್ನೆಲೆಯ ಮೇಲೆ. ಬಿಳಿಯ ಮೇಲೆ ಬಿಳಿ, ಎಲ್ಲಿ ಕಾಣುತ್ತೆ? ಅವರ ಕಂಪ್ಯೂಟರಿನ ಹಿನ್ನೆಲೆ ಕಪ್ಪು.

ಆ ಮನುಷ್ಯ ಇಪ್ಪತ್ತು ಸೆಕೆಂಡಿನಲ್ಲಿ ಕಂಡಿದ್ದು ನನಗೆ ಮೂರು ರಾತ್ರಿ ಕಾಣಲಿಲ್ಲ. ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫೋಟೋ ಪದರದ ಕೆಳಗೆ ಇನ್ನೊಂದು ಪದರ ಹಾಕಿ ಅದಕ್ಕೆ ಕಣ್ಣು ಕುಕ್ಕುವ ಗುಲಾಬಿ ಬಣ್ಣ ತುಂಬುತ್ತೇನೆ. ಎಲ್ಲಿ ಗುಲಾಬಿ ಇಣುಕುತ್ತೋ ಅಲ್ಲಿ ಖಾಲಿ. ಅಂಚಿನಲ್ಲಿ ಒಂದೆರಡು ಪಿಕ್ಸೆಲ್‌ನ ದಾರದಷ್ಟು ಉಳಿದರೂ ಸಿಕ್ಕಿಬೀಳುತ್ತೆ.

ಫ್ಯಾಮಿಲಿ ಗ್ರೂಪಿನಲ್ಲಿ ಭಾವ ಉಪಾಯ ಕೊಟ್ಟರು. ಭಾವನಿಗೆ ಎಲ್ಲದಕ್ಕೂ ಒಂದು ಆ್ಯಪ್ ಇರುತ್ತೆ, ಮದುವೆ ಮನೆಯಲ್ಲಿ ಅನ್ನ ಕಮ್ಮಿಯಾದರೂ ಒಂದು ಆ್ಯಪ್ ತೋರಿಸುತ್ತಾರೆ. "ಖಾಲಿ ಮೂಲೆ ಅದೇ ತುಂಬಿಸುತ್ತೆ ಕಣೋ, ಸುಮ್ನೆ ತಲೆ ಕೆಡಿಸ್ಕೋಬೇಡ." ಮಾಡಿ ನೋಡಿದೆ. ಬರೀ ಆಕಾಶ ಆಗಿದ್ದರೆ ನಡೆಯುತ್ತಿತ್ತೇನೋ. ಇಲ್ಲಿ ಖಾಲಿ ಬಿದ್ದಿದ್ದು ರಸ್ತೆ ಕಡೆ. ಪಕ್ಕದಲ್ಲಿದ್ದ ಒಂದೇ ಸ್ಕೂಟರಿನ ಹಿಂದಿನ ಚಕ್ರ ಮೂರು ಸಲ ಬಂತು.

ಕತ್ತರಿಸಲೇಬೇಕು. ಇಲ್ಲೇ ನಿಜವಾದ ಕಷ್ಟ. ಫ್ರೇಮು 12×16, ಅಂದರೆ ಅಗಲ ಮೂರು ಪಾಲಾದರೆ ಎತ್ತರ ನಾಲ್ಕು ಪಾಲು. ಕೆಳಗಿನ ಅಂಚಿನವರೆಗೂ ಬೇಕು ಅಂದರೆ ಅಗಲ 3000 ಮಾತ್ರ ಸಿಗುತ್ತೆ, ಅದಕ್ಕೆ ಎತ್ತರ 4000. ಆದರೆ ಎತ್ತರ ವಾಪಸ್ ಪಡೆದ ಕಟ್ಟಡವೇ ಸುಮಾರು 4080 ಇದೆ! ಗಿಂಪ್‌ಗೇ ಬಿಟ್ಟು ಬಿಡೋಣ ಅಂತ ನಾಲ್ಕಕ್ಕೆ ಮೂರರ ಲೆಕ್ಕದಲ್ಲಿ ಖಾಲಿ ಇಲ್ಲದ ದೊಡ್ಡ ಆಯತ ಹುಡುಕಿಸಿದೆ. ಮೇಲೆ ಹೋದ ಹಾಗೆ ಬಕೆಟ್ಟು ಅಗಲವಾಗುತ್ತಲ್ಲ, ಹಾಗಾಗಿ ಅದು ಕೆಳಗಿನಿಂದ ಸುಮಾರು 790 ಪಿಕ್ಸೆಲ್ ಹಾರಿಸಿತು. ಅದರಲ್ಲಿ 270 ಫುಟ್‌ಪಾತು. ಉಳಿದ 520 ಕಟ್ಟಡದ್ದೇ. ಒಂದು ಮಹಡಿಗೆ 163 ಪಿಕ್ಸೆಲ್ ಅಂದರೆ ಅಂಗಡಿ ಸಾಲು ಸೇರಿ ಕೆಳಗಿನ ಮೂರು ಮಹಡಿ ಮಾಯ. ಚಿತ್ರ ಚೆನ್ನಾಗೇ ಕಾಣುತ್ತಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಗಳಿಗೆ ಹಾಗೇ ಕೊಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಫೋಟೋ ತೆಗೆಯುವಾಗಲೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ಸುತ್ತ ಜಾಸ್ತಿ ಜಾಗ ಬಿಟ್ಟಿದ್ದರೆ ಈ ಗೋಳೇ ಇರಲಿಲ್ಲ. ಕಟ್ಟಡವನ್ನು ಚೌಕಟ್ಟಿನ ತುಂಬ ತುಂಬಿಸುವ ಆಸೆ ನನ್ನದು. ನೆಟ್ಟಗೆ ಮಾಡುವುದಕ್ಕೆ ಬೆಲೆ ಇದೆ, ಅದನ್ನು ಅಂಚುಗಳು ಕೊಡಬೇಕು ಅಂತ ಆಗ ಹೊಳೆದಿರಲಿಲ್ಲ.

ಶುಕ್ರವಾರ ಅಂಗಡಿಯವರ ಮುಂದೆ ಇದನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಫ್ರೇಮ್ ಪಟ್ಟಿ ನಾನೇ ಕೊಯ್ಯೋದು ಸಾರ್. ನಿಮ್ಗೆ 12 ಯಾಕೆ ಬೇಕು? 10 ಮಾಡ್ಕೊಳ್ಳಿ" ಅಂದರು.

ಅಷ್ಟೇ. 10×16. ಎತ್ತರ 4400, ಅಗಲ 2750. ಕಟ್ಟಡ ಇಡಿಯಾಗಿ ಕೂತಿತು. ಮೇಲೆ 200 ಪಿಕ್ಸೆಲ್ ಆಕಾಶ, ಕೆಳಗೆ 120 ಫುಟ್‌ಪಾತು. ಅಗಲ 3000ಕ್ಕಿಂತ ಕಮ್ಮಿ ಇರುವುದರಿಂದ ಗುಲಾಬಿ ಎಲ್ಲೂ ಇಣುಕಲಿಲ್ಲ. "ಪಟ್ಟಿ ಒಳಗೆ ಕಾಲಿಂಚು ಮುಚ್ಚಿಹೋಗುತ್ತೆ, ನೋಡ್ಕೊಂಡಿದೀರಾ?" ಅಂತ ಅವರೇ ಕೇಳಿದರು. ಕಾಲಿಂಚು ಅಂದರೆ ಸುಮಾರು 70 ಪಿಕ್ಸೆಲ್. ಕೆಳಗೆ 50 ಉಳಿಯುತ್ತೆ. ಸಾಕು. ಮುಂಗಡದಲ್ಲಿ ಏನೂ ಕಡಿಮೆ ಮಾಡಲಿಲ್ಲ ಅನ್ನುವುದನ್ನೂ ಇಲ್ಲಿ ದಾಖಲಿಸುತ್ತೇನೆ.

ಭಾನುವಾರ ಮಾವ ಕಾಗದ ಬಿಚ್ಚಿ, ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಗೆರೆಗಳ ಬಗ್ಗೆ ಏನಾದರೂ ಹೇಳ್ತಾರಾ ಅಂತ ಕಾದೆ. ಅವರು ಗೆರೆ ನೋಡಲೇ ಇಲ್ಲ. ಬಲಗೈ ತೋರುಬೆರಳನ್ನು ಕೆಳಗಿನ ಅಂಗಡಿ ಸಾಲಿನ ಮೇಲಿಟ್ಟು, ಗಾಜಿನ ಮೇಲೆ ಒಂದೊಂದೇ ಮಹಡಿ ಮೇಲಕ್ಕೆ ಸರಿಸುತ್ತಾ ಬಾಯಲ್ಲೇ ಎಣಿಸತೊಡಗಿದರು. ಹನ್ನೆರಡಾದ ಮೇಲೆ ಅತ್ತೆ ಏನೋ ಕೇಳಿ ಲೆಕ್ಕ ತಪ್ಪಿಸಿದರು. ಮಾವ ಗೊಣಗಿಕೊಂಡು ಬೆರಳನ್ನು ಮತ್ತೆ ಅಂಗಡಿ ಸಾಲಿಗೆ ಇಳಿಸಿ, ಮೊದಲಿನಿಂದ ಶುರು ಮಾಡಿದರು.