ಒಂದೇ ಪರಿಚಯವನ್ನು ಮೂರು ಜನಕ್ಕೆ ಹೇಳಿ ಕೆಟ್ಟೆ

ನಾನು ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಅರ್ಥವಾಗುವ ಹಾಗೆ ಬರೆಯುವುದಕ್ಕೇ ನನಗೆ ಸಂಬಳ. ಆದರೂ ಮೊದಲ ನೆಟ್‌ವರ್ಕಿಂಗ್ ಕಾರ್ಯಕ್ರಮದಲ್ಲಿ ನನ್ನ ಬಗ್ಗೆ ನಾನೇ ಹೇಳಿದ್ದು ಒಬ್ಬರಿಗೂ ಅರ್ಥವಾಗಲಿಲ್ಲ.

ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. “ಒಂಬತ್ತು ವರ್ಷದಿಂದ ಟೆಕ್ನಿಕಲ್ ಕಮ್ಯುನಿಕೇಶನ್‌ನಲ್ಲಿದ್ದೇನೆ, ಕಂಟೆಂಟ್ ರೀಯೂಸ್, ಲೋಕಲೈಸೇಶನ್...” ಹೀಗೇ ಸಾಗುತ್ತಿತ್ತು. ಒಬ್ಬರು “ಅಂದ್ರೆ ಸಾಫ್ಟ್‌ವೇರಾ?” ಅಂದರು. ಇನ್ನೊಬ್ಬರು ಕಾಫಿ ತರುತ್ತೇನೆ ಅಂತ ಹೋದವರು ಬರಲೇ ಇಲ್ಲ. ಮನೆಗೆ ಬಂದು ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮೂವತ್ತು ಸೆಕೆಂಡು ಅಂದುಕೊಂಡಿದ್ದು 52 ಇತ್ತು.

ಗಡಿಬಿಡಿ ಇಲ್ಲದೆ ಮಾತಾಡಿದರೆ ಮೂವತ್ತು ಸೆಕೆಂಡಿಗೆ ನನ್ನ ಬಾಯಲ್ಲಿ ಹಿಡಿಯುವುದು ಸುಮಾರು 45 ಪದ. ಅಷ್ಟರಲ್ಲಿ ಒಂಬತ್ತು ವರ್ಷ ತುಂಬಿಸಲು ಆಗುವುದಿಲ್ಲ. ಹಾಗಾಗಿ ಒಂದೇ ಒಂದು ಕೆಲಸ ಆರಿಸಿಕೊಂಡೆ: ನೀರೆತ್ತುವ ಪಂಪಿನ ಕೈಪಿಡಿ. ಆ ಪಂಪನ್ನು ನೀರು ತುಂಬಿಸದೆ ಓಡಿಸಿದರೆ ಒಳಗಿನ ಸೀಲ್ ಸುಟ್ಟುಹೋಗುತ್ತದೆ, ಯಾಕೆಂದರೆ ಸೀಲನ್ನು ತಣ್ಣಗಿಡುವುದೇ ನೀರು. ಆ ಎಚ್ಚರಿಕೆ ಕೈಪಿಡಿಯಲ್ಲಿ ಇತ್ತು. ಆದರೆ ಕೊನೆಯ ಪುಟಗಳಲ್ಲಿ. ಸ್ವಿಚ್ ಹಾಕುವವರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಯಂತ್ರ ತಯಾರಿಸುವವರು, ಅಂದರೆ ನನಗೆ ಕೆಲಸ ಕೊಡಬಹುದಾದವರು ಸಿಕ್ಕರೆ ನಾನು ಶುರು ಮಾಡುವುದು ತೊಂದರೆಯಿಂದ:

“ನಾನು ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಒಂದು ಕಡೆ ಪಂಪಿನ ಸೀಲ್ ಸುಡುತ್ತಿದೆ ಅಂತ ಪದೇ ಪದೇ ದೂರು ಬರ್ತಿತ್ತು. ಎಚ್ಚರಿಕೆ ಕೈಪಿಡಿಯ ಕೊನೆಯಲ್ಲಿತ್ತು. ಅದನ್ನು ಸ್ವಿಚ್ ಹಾಕುವ ಹಂತಕ್ಕಿಂತ ಮುಂಚೆ ತಂದೆ, ದೂರು ಕಮ್ಮಿಯಾಯಿತು. ನಿಮ್ಮ ಗ್ರಾಹಕರು ಜಾಸ್ತಿ ಕೇಳುವ ಪ್ರಶ್ನೆ ಯಾವುದು?”

ಇಲ್ಲಿ ವರ್ಷದ ಲೆಕ್ಕವಿಲ್ಲ, ಪದವಿಯ ಹೆಸರೂ ಇಲ್ಲ. ಕೊನೆಯ ಪ್ರಶ್ನೆ ಮಾತ್ರ ಬಿಡಬಾರದು. ಅದಕ್ಕೆ ಅವರು ಕೊಡುವ ಉತ್ತರವೇ ನನಗೆ ಬೇಕಾದದ್ದು.

ನನ್ನದೇ ಕಸುಬಿನವರಿಗೆ ಇದನ್ನು ಹೇಳಿದರೆ ಪಾಠ ಮಾಡಿದ ಹಾಗಾಗುತ್ತದೆ. ಎಚ್ಚರಿಕೆ ಮೊದಲು ಬರಬೇಕು ಅನ್ನುವುದು ಅವರಿಗೆ ಗೊತ್ತಿಲ್ಲವೇ? ಅವರ ಮುಂದೆ ಗೆದ್ದದ್ದಕ್ಕಿಂತ ಸಿಕ್ಕಿಕೊಂಡಿರುವುದನ್ನು ಹೇಳುತ್ತೇನೆ:

“ನಾನೂ ಟೆಕ್ನಿಕಲ್ ರೈಟರ್, ಪಂಪು, ಕಂಪ್ರೆಸರ್ ಕಡೆ. ಈಗ ಒಂದೇ ಎಚ್ಚರಿಕೆಯನ್ನು ಹದಿನಾಲ್ಕು ಮಾಡೆಲ್‌ಗೆ ಮರುಬಳಕೆ ಮಾಡ್ತಿದ್ದೀನಿ. ಮಾಡೆಲ್‌ಗೊಂದು ಸಣ್ಣ ವ್ಯತ್ಯಾಸ ಇದೆ, ಅನುವಾದಕ್ಕೆ ಹೋದಾಗ ಎಲ್ಲ ಕಲಸಿಹೋಗ್ತಿದೆ. ನೀವು ಹೇಗೆ ನಿಭಾಯಿಸ್ತೀರಿ?”

ಮೂರನೆಯವರು ನಮ್ಮ ಕಸುಬಿಗೆ ಸಂಬಂಧವೇ ಇಲ್ಲದವರು. ಇವರಿಗೆ ಸುಮ್ನೆ ಏನೋ ಒಂದು ಹೇಳಿ ಮುಂದೆ ಹೋಗುತ್ತಿದ್ದೆ. ಅದು ನನ್ನ ದೊಡ್ಡ ತಪ್ಪು. ಇವರು ನನಗೆ ಕೆಲಸ ಕೊಡುವುದಿಲ್ಲ, ನಿಜ. ಆದರೆ ಇನ್ನೊಬ್ಬರ ಹತ್ತಿರ ನನ್ನ ಮಾತು ಎತ್ತುವವರು ಇವರೇ. ಹಾಗೆ ಎತ್ತಬೇಕಾದರೆ ತಿರುಗಿ ಹೇಳಲು ಬರುವ ಒಂದು ವಾಕ್ಯ ಬೇಕು:

“ಹೊಸ ಯಂತ್ರದ ಡಬ್ಬ ಬಿಚ್ಚಿದಾಗ ಒಂದು ಪುಸ್ತಕ ಸಿಗುತ್ತಲ್ಲ, ಅದನ್ನ ಬರೆಯೋಳು ನಾನು. ಜನ ಅದನ್ನ ಓದಲ್ಲ ಅಂತ ನನಗೂ ಗೊತ್ತು. ಓದದವರ ಕಣ್ಣಿಗೂ ಬೀಳೋ ಜಾಗದಲ್ಲಿ ಮುಖ್ಯವಾದ್ದನ್ನ ಇಡೋದೇ ನನ್ನ ಕೆಲಸ.”

ಇದು ಇಪ್ಪತ್ತು ಸೆಕೆಂಡೂ ಆಗುವುದಿಲ್ಲ. ಮಿಕ್ಕಿದ್ದನ್ನು ತುಂಬಿಸಲು ಹೋಗಬೇಡಿ. ಜನ ಸಾಮಾನ್ಯವಾಗಿ ಇಲ್ಲಿ ನಗುತ್ತಾರೆ, ತಮಗೆ ಕೈಕೊಟ್ಟ ಯಾವುದೋ ಯಂತ್ರದ ಕಥೆ ಹೇಳುತ್ತಾರೆ.

ಎದುರಿಗಿರುವವರು ಯಾರು ಅಂತ ಗೊತ್ತಾಗದಿದ್ದರೆ ಮೊದಲು ಅವರನ್ನೇ ಮಾತಾಡಿಸುತ್ತೇನೆ. “ನಿಮ್ಮದು ಯಾವ ಕೆಲಸ?” ಅಂದರೆ ಸಾಕು. ಮೂರು ಥರದವರೂ ಒಂದೇ ಗುಂಪಲ್ಲಿ ನಿಂತಿದ್ದರೆ ಹೊರಗಿನವರ ಮಾತನ್ನೇ ಹೇಳುತ್ತೇನೆ. ಅದು ಎಲ್ಲರಿಗೂ ತಿಳಿಯುತ್ತದೆ.

ಸರಿಯಾಯಿತೋ ಇಲ್ಲವೋ ಅನ್ನುವುದು ಅವರ ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ. “ಹಾಗಂದ್ರೆ?” ಅಂತ ಬಂದರೆ ತಪ್ಪಾದ ಮಾತು ಆರಿಸಿದ್ದೇನೆ. “ಒಳ್ಳೇದು” ಅಂತ ಬಂದರೆ ಇನ್ನೂ ಕೆಟ್ಟದು. “ನಮ್ಮಲ್ಲೂ...” ಅಂತ ಬಂದರೆ ನಾನು ಬಾಯಿ ಮುಚ್ಚಬೇಕು, ಅಷ್ಟೇ.

ಹೋದ ಸಲ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಡಬ್ಬದ ಮಾತು ಹೇಳಿದ್ದೆ. ಅರ್ಧ ಗಂಟೆಯ ಮೇಲೆ ಅವರೇ ಇನ್ನೊಬ್ಬರನ್ನು ಕರೆದುಕೊಂಡು ಬಂದರು. “ಇವರು ಓದದವರಿಗೆ ಕೈಪಿಡಿ ಬರೀತಾರಂತೆ” ಅಂತ ಪರಿಚಯ ಮಾಡಿಸಿದರು. ನನ್ನ ಹೆಸರು ಅವರಿಗೆ ಮರೆತೇ ಹೋಗಿತ್ತು. ಬಂದವರು ನಕ್ಕು, “ಓದದವರಾ? ನಮ್ಮ ಗ್ರಾಹಕರೆಲ್ಲ ಅವರೇ” ಅಂದರು. ನಾನು ಪಂಪಿನ ಕಥೆ ತೆಗೆದೆ.